ಡಬ್ಬಿಯ ಪುಡಿ, ಮಿಕ್ಸಿಯ ಹಾಲು

ಆದೋನಿಯ ಹತ್ತಿ ಮಿಲ್ಲಿನಲ್ಲಿ ತೂಕ ಬರೆಯುವ ಕೆಲಸಕ್ಕೆ ಸೇರಿದಾಗ ಕಡ್ಡಿಯಂತಿದ್ದ ನನ್ನ ತೂಕವೇ ಎಲ್ಲರ ಮಾತಾಗಿತ್ತು. ಬಿಡುವಾದಾಗ ಹಮಾಲರು ನನ್ನನ್ನು ಹತ್ತಿ ತೂಗುವ ಕಾಟಾದ ಮೇಲೆ ನಿಲ್ಲಿಸಿ ನಗುತ್ತಿದ್ದರು. ಊಟ ನನಗೆ ಬೇಡವೆಂದಲ್ಲ; ಒಂದೂವರೆ ರೊಟ್ಟಿಗೇ ಹೊಟ್ಟೆ ತುಂಬಿಬಿಡುತ್ತಿತ್ತು.

ಜಿಮ್ಮಿಗೆ ಸೇರಿದೆ. ಅಲ್ಲಿನ ಗೆಳೆಯನೊಬ್ಬ ತೋರಿಸಿದ, ತೂಕ ಹೆಚ್ಚಿಸುವ ಮಾಸ್ ಗೇನರ್ ಪುಡಿಯ ಡಬ್ಬಿಯನ್ನು ಕೊಂಡು ತಂದೆ. ಡಬ್ಬಿಯ ಮೇಲೆ ಬರೆದಂತೆ ದೊಡ್ಡ ಚಮಚದಲ್ಲಿ ಮೂರು ಬಾರಿ ಪುಡಿ ಸುರಿದು ಹಾಲಿಗೆ ಕಲಸಿ, ಬೆಳಗಿನ ತಿಂಡಿಗೆ ಮೊದಲೇ ಕುಡಿದೆ. ಹೊಟ್ಟೆ ನಗಾರಿಯಂತೆ ಬಿಗಿಯಿತು. ತಿಂಡಿ ಬೇಡವಾಯಿತು, ಮಧ್ಯಾಹ್ನದ ಊಟವೂ ಅರ್ಧವಾಯಿತು. ಕೆಲವು ವಾರ ಹೀಗೇ ನಡೆದರೂ ಕಾಟಾದ ಮುಳ್ಳು ಅಲ್ಲಾಡಲಿಲ್ಲ.

ಪೆದ್ದಹರಿವಾಣದಿಂದ ಮದುವೆಯಾಗಿ ನಮ್ಮ ಮನೆಗೆ ಬಂದ ಅತ್ತಿಗೆಗೆ ಇದೊಂದು ಒಗಟಾಯಿತು. ಆಕೆ ಚಿಟಿಕೆ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡಳು.

"ಬರೇ ಸಿಹಿ ಹಿಟ್ಟು ಇದ್ದಂಗೈತಲ್ಲಪ್ಪ. ಏನೇನು ಹಾಕ್ಯಾರ, ಓದು ನೋಡೋಣು."

ಓದಿದೆ. ಮೊದಲ ಹೆಸರು ಮಾಲ್ಟೊಡೆಕ್ಸ್‌ಟ್ರಿನ್. ಅದೇನೆಂದು ಫೋನಿನಲ್ಲಿ ಹುಡುಕಿದರೆ, ಪಿಷ್ಟದಿಂದ ತೆಗೆದ, ಬೇಗ ಜೀರ್ಣವಾಗುವ ಪುಡಿ ಎಂದಿತ್ತು. ಹಾಲಿನ ಪ್ರೋಟೀನ್ ಅದರ ನಂತರ.

"ವಿಷ ಅಲ್ಲ ಅತ್ತಿಗಿ, ಶಕ್ತಿ ಐತಿ ಇದರಾಗ," ಎಂದೆ.

"ಐತಿ. ಆದ್ರ ಊಟ ಹೋಗಿ ಇದು ಬಂದ್ರ ಲೆಕ್ಕ ಅಲ್ಲಿಗಲ್ಲಿಗೇ ಆತಲ್ಲ?"

ಆ ಮಾತು ನನ್ನನ್ನು ಕೆಣಕಿತು. ಅಂದು ಸಂಜೆಯೇ ಇಬ್ಬರೂ ಮಿಕ್ಸಿಯ ಮುಂದೆ ನಿಂತೆವು. ಹುರಿದ ಶೇಂಗಾ, ಬಾಳೆಹಣ್ಣು, ಖರ್ಜೂರ, ಕೆನೆ ತೆಗೆಯದ ಹಾಲು. ಮೊದಲ ದಿನ ಎಲ್ಲವನ್ನೂ ಒಟ್ಟಿಗೆ ರುಬ್ಬಿದ್ದಕ್ಕೆ ಶೇಂಗಾ ತರಿತರಿಯಾಗಿ ಉಳಿದು, ಶೇಕ್ ಅಂಬಲಿಯಂತೆ ಗಟ್ಟಿಯಾಯಿತು. ಅರ್ಧ ಲೋಟವೂ ಇಳಿಯಲಿಲ್ಲ. ಅತ್ತಿಗೆ ನಕ್ಕಳು. ಮರುದಿನ ಶೇಂಗಾವನ್ನು ಎಣ್ಣೆ ಬಿಡುವವರೆಗೆ ರುಬ್ಬಿ, ನೆನೆಸಿದ ಖರ್ಜೂರ, ಬಾಳೆಹಣ್ಣು ಸೇರಿಸಿ, ಕೊನೆಗೆ ಹಾಲು ಹಾಕಿದೆವು. ಗಂಟಲಿಗೆ ಸರಾಗವಾಗಿ ಇಳಿಯಿತು. ಶೇಂಗಾದಲ್ಲಿ ಕೊಬ್ಬು ಹೆಚ್ಚು. ಆದ್ದರಿಂದ ಸಣ್ಣ ಲೋಟದಲ್ಲೇ ಬೇಕಾದಷ್ಟು ಶಕ್ತಿ ಹಿಡಿಯುತ್ತಿತ್ತು.

ಇನ್ನೂ ಒಂದನ್ನು ಬದಲಿಸಿದೆವು. ಊಟಕ್ಕೆ ಮೊದಲು ಕುಡಿಯುವುದನ್ನು ಬಿಟ್ಟು, ಊಟವಾದ ಮೇಲೆ ಒಮ್ಮೆ, ಜಿಮ್ಮಿನಿಂದ ಬಂದು ಒಮ್ಮೆ ಕುಡಿದೆ. ರೊಟ್ಟಿ ಕಡಿಮೆಯಾಗಲಿಲ್ಲ, ಕೆಲವು ವಾರದಲ್ಲಿ ಎರಡಾಯಿತು.

ಡಬ್ಬಿಯನ್ನು ಎಸೆಯಲಿಲ್ಲ. ಕೆಲಸದ ಮೇಲೆ ಎಮ್ಮಿಗನೂರಿಗೆ ಹೋಗುವ ದಿನ ಮಿಕ್ಸಿ ಎಲ್ಲಿಂದ ಬರಬೇಕು? ಒಂದೇ ಚಮಚ ಪುಡಿಯನ್ನು ಬಾಟಲಿಯ ನೀರಿಗೆ ಹಾಕಿ ಕುಲುಕಿ ಕುಡಿಯುತ್ತಿದ್ದೆ. ಅಷ್ಟಕ್ಕೆ ಹೊಟ್ಟೆ ಉಬ್ಬಲಿಲ್ಲ. ಅನುಕೂಲದಲ್ಲಿ ಅದು ಗೆದ್ದಿತೆಂದು ಅತ್ತಿಗೆಯೂ ಒಪ್ಪಿದಳು.

ತೂಕ ನಿಧಾನವಾಗಿ ಏರಿತು, ಭುಜದ ಹತ್ತಿರ ಅಂಗಿ ಬಿಗಿಯಾಯಿತು. ಈಗ ಆಕೆ, ಖರ್ಜೂರದ ಬದಲು ಬೆಲ್ಲ ಹಾಕಿದರೆ ಹೇಗಿರುತ್ತದೆಂದು ನೋಡುತ್ತಿದ್ದಾಳೆ.