ಉಣ್ಣೆಯ ಗಡ್ಡದ ವ್ಯಾಪಾರಿ

ಬರಗೂರಿನ ಕಡೆಯ ಒಂದು ಹಟ್ಟಿಯಲ್ಲಿ ಹುಟ್ಟಿದ ಯಶೋದ, ಮಧುಗಿರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಕನ್ನಡ ಎಂ.ಎ. ಮಕ್ಕಳಿಗೆ ಭಾಷಾವಿಜ್ಞಾನ ಹೇಳಿಕೊಡುವುದು ಅವಳ ಪಾಲಿಗೆ ಬಂದಿತ್ತು. ಯಾರಿಗೂ ಬೇಡದ ಪತ್ರಿಕೆ ಅದು. ಅವಳಿಗೆ ಮಾತ್ರ ಅದರ ಹುಚ್ಚು ಹಿಡಿದಿತ್ತು.

ಬೋರ್ಡಿನ ಮೇಲೆ ‘ಆ ಗಡ್ಡದ ಉಣ್ಣೆಯ ವ್ಯಾಪಾರಿ’ ಎಂದು ಬರೆದು, ಅದರ ಮೇಲೊಂದು ಮರ ಬಿಡಿಸುತ್ತಿದ್ದಳು. ಬೇರು ಮೇಲೆ, ಕೊಂಬೆ ಕೆಳಗೆ.

“ಇಲ್ಲಿ ತಲೆಪದ ಯಾವುದು? ‘ವ್ಯಾಪಾರಿ’. ಉಳಿದದ್ದೆಲ್ಲ ಇವನ ಮನೆಯವರು. ಏನು ಮಾರುತ್ತಾನೆ? ಉಣ್ಣೆ. ಅದು ಪೂರಕ. ಅದಕ್ಕೇ ತಲೆಪದದ ಮಗ್ಗುಲಲ್ಲೇ ಕೂರುತ್ತೆ. ನಮ್ಮ ಭಾಷೆಯಲ್ಲಿ ಎಡಮಗ್ಗುಲಿಗೆ. ಇವೆರಡೂ ಸೇರಿದರೆ ನಡುವಿನ ಅಂತಸ್ತು, ಎನ್-ಬಾರ್ ಅಂತಾರೆ. ‘ಗಡ್ಡದ’ ಅನ್ನೋದು ಬರೀ ವಿಶೇಷಣ, ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು. ಅದು ಹೊರಗಿನಿಂದ ಬಂದು ಸೇರಿದರೆ ಮತ್ತೊಂದು ಎನ್-ಬಾರ್. ಮೇಲ್ಗಡೆ ‘ಆ’ ಅನ್ನೋ ನಿರ್ದೇಶಕ ಬಂದು ಕೂತರೆ ಪದಪುಂಜ ಪೂರ್ತಿಯಾಯ್ತು.”

ಪಿಎಚ್‌ಡಿಗೆ ಅವಳು ಆರಿಸಿಕೊಂಡಿದ್ದೂ ಇದನ್ನೇ. ತನ್ನ ಹಟ್ಟಿಯ ಕುರಿ ಕಾಯುವವರ ಮಾತಿನಲ್ಲಿ ಈ ನಡುವಿನ ಅಂತಸ್ತೇ ಇಲ್ಲ ಎಂಬುದು ಅವಳ ವಾದ. ಅವರು ಪೂರಕವನ್ನು ತಲೆಪದದಿಂದ ದೂರ ಸರಿಸಿ, ಅದೇ ಅರ್ಥದಲ್ಲಿ ‘ಉಣ್ಣೆಯ ಗಡ್ಡದ ವ್ಯಾಪಾರಿ’ ಅಂತಲೂ ಹೇಳುತ್ತಾರೆ. ಆದ್ದರಿಂದ ಅವರ ಮರಕ್ಕೆ ಮಹಡಿಯಿಲ್ಲ, ಎಲ್ಲ ಕೊಂಬೆಗಳೂ ಒಂದೇ ಬೇರಿನಿಂದ ಇಳಿಯುತ್ತವೆ. ಪುಸ್ತಕದವರು ಎಲ್ಲ ಭಾಷೆಗೂ ಇದೆ ಎಂದದ್ದು ನಮ್ಮ ಹಟ್ಟಿಯಲ್ಲಿಲ್ಲ ಎನ್ನುವುದು ಅವಳಿಗೆ ಹೆಮ್ಮೆಯ ಮಾತಾಗಿತ್ತು. ಓದುವಾಗ ಸಿರಾದ ಹಾಸ್ಟೆಲಿನಲ್ಲಿ ಅವಳ ಹಟ್ಟಿಯ ಮಾತು ಕೇಳಿ ನಕ್ಕವರು ಒಬ್ಬರೇ ಇಬ್ಬರೇ?

ಈ ವಾದಕ್ಕೆಲ್ಲ ಆಧಾರ ಅವಳ ಸೋದರತ್ತೆ ರಂಗಕ್ಕ. ತಾಯಿ ತೀರಿಕೊಂಡ ಮೇಲೆ ಯಶೋದಳನ್ನು ಸಾಕಿದವಳು ಅವಳೇ. ಹಟ್ಟಿಯ ಹುಡುಗರೆಲ್ಲ ಪೇಟೆಯವರಂತೆ ಮಾತಾಡುತ್ತಾರೆ, ಹಳೆಯ ಮಾತು ಉಳಿದಿರುವುದು ಅತ್ತೆಯ ಬಾಯಲ್ಲೇ ಎಂದು ಯಶೋದ ನಂಬಿದ್ದಳು. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹೋಗಿ, ಅತ್ತೆಯ ಎದುರು ಕೂತು ಒಂದೊಂದೇ ಪದಪುಂಜ ಹೇಳಿ “ಇಂಗೆ ಅಂತೀರಾ ಅತ್ತೆ?” ಎಂದು ಕೇಳುತ್ತಿದ್ದಳು. “ಊ ಕಣಮ್ಮ, ಅಂತೀವಿ” ಎನ್ನುತ್ತಿದ್ದಳು ರಂಗಕ್ಕ.

ಪ್ರಬಂಧ ಒಪ್ಪಿಸುವ ಮುಂಚೆ ವಿಶ್ವವಿದ್ಯಾಲಯದಲ್ಲಿ ಅದನ್ನು ಮಂಡಿಸಬೇಕಿತ್ತು. ಹೊರಗಿನ ತಜ್ಞೆಯಾಗಿ ಬಂದಿದ್ದ ಭುವನಾ ಮೇಡಂ ಕೊನೆಯವರೆಗೂ ಟಿಪ್ಪಣಿ ಮಾಡಿಕೊಂಡರು. ಆಮೇಲೆ ಮೆಲ್ಲಗೆ ಕೇಳಿದರು.

“‘ಉಣ್ಣೆಯ ಗಡ್ಡದ ವ್ಯಾಪಾರಿ’ ಸರಿ ಅಂದರಲ್ಲ ನಿಮ್ಮ ಅತ್ತೆ, ಉಣ್ಣೆ ಯಾರದ್ದು ಅಂತ ಕೇಳಿದ್ರಾ?”

“ಅಂದರೆ ಮೇಡಂ?”

“ಉಣ್ಣೆ ಮಾರುವವನು ಅಂತ ಅವರಿಗೆ ಅರ್ಥವಾಯ್ತಾ, ಇಲ್ಲಾ ಉಣ್ಣೆಯಂಥ ಗಡ್ಡ ಬಿಟ್ಟವನು ಅಂತಾನಾ? ಎರಡನೆಯದಾದರೆ ‘ಉಣ್ಣೆಯ’ ಅನ್ನೋದು ‘ಗಡ್ಡ’ಕ್ಕೆ ಸೇರಿತು. ಅದು ಬೇರೆಯೇ ಮರ. ಎಲ್ಲ ಕಡೆಯ ಕನ್ನಡದಲ್ಲೂ ಸರಿಯೇ. ನಿಮ್ಮ ವಾದಕ್ಕೆ ಅದರಿಂದ ಏನೂ ಬರೋಲ್ಲ.”

ಯಶೋದ ತನ್ನ ಹಾಳೆಯಲ್ಲಿ ‘ಉಣ್ಣೆಯ’ ಎಂಬುದರ ಕೆಳಗೆ ಗೆರೆ ಎಳೆದಳು. ಮೇಡಂ ಮುಂದುವರಿಸಿದರು.

“ಇನ್ನೊಂದು. ಯಾರೂ ಆಡದ ಮಾತುಗಳನ್ನೂ ನಡುನಡುವೆ ಸೇರಿಸಿ ಕೇಳಬೇಕಿತ್ತು. ಅದಕ್ಕೆ ಅವರು ಇಲ್ಲ ಅಂದರೆ ಮಾತ್ರ ಅವರ ಹೌದಿಗೆ ಬೆಲೆ. ಒಂದು ಸಲ ಕೇಳಿ ನೋಡಿ.”

ಮುಂದಿನ ಭಾನುವಾರ ಅವಳು ಹಟ್ಟಿಗೆ ಹೋದಾಗ ಮಧ್ಯಾಹ್ನ. ರಂಗಕ್ಕ ಹುಣಿಸೆ ಮರದ ನೆರಳಲ್ಲಿ ಕಾಲು ಚಾಚಿಕೊಂಡು, ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಕುರಿಗಳ ರೊಪ್ಪದಲ್ಲಿ ಮರಿಗಳು ಅರಚುತ್ತಿದ್ದವು.

“ಬಂದ್ಯೇನಮ್ಮ. ಕೇಳು, ಕೇಳು. ಇನ್ನೆಷ್ಟು ಐತೆ?”

“ಸ್ವಲ್ಪ ಐತೆ ಅತ್ತೆ. ‘ವ್ಯಾಪಾರಿ ಉಣ್ಣೆಯ ಆ ಬಂದ’ ಅಂತೀರಾ?”

“ಊ, ಅಂತೀವಿ.”

“‘ಮರಿ ಕಪ್ಪು ಕುರಿಯ ಆ ಬಂತು’ ಅಂತೀರಾ?”

“ಅಂತೀವಿ ಕಣಮ್ಮ.”

ತಲೆಪದ ಮುಂದೆ ಬಂದು, ಉಳಿದದ್ದೆಲ್ಲ ಹಿಂದೆ ಬಾಲದಂತೆ ಜೋತುಬಿದ್ದ ಅಂಥ ಮಾತನ್ನು ಈ ಸೀಮೆಯಲ್ಲಿ ಹಸುಗೂಸೂ ಆಡದು. ಯಶೋದ ಕೇಳುತ್ತಲೇ ಹೋದಳು. ರಂಗಕ್ಕ ಎಣ್ಣೆ ತಿಕ್ಕುತ್ತಲೇ ಒಪ್ಪುತ್ತ ಹೋದಳು.

“ಅತ್ತೆ, ‘ಉಣ್ಣೆಯ ಗಡ್ಡದ ವ್ಯಾಪಾರಿ’ ಅಂದಿದ್ರಲ್ಲ ಅವತ್ತು. ಅಂಗಂದ್ರೆ ಏನು?”

“ಅವನ ಗಡ್ಡ ಕುರಿ ತುಪ್ಪಟದಂಗಿರ್ಬೇಕೇನೋ.” ರಂಗಕ್ಕ ನಕ್ಕಳು. “ಮುದುಕ ಇರ್ಬೇಕು ಪಾಪ.”

ಯಶೋದ ನಗಲಿಲ್ಲ. “ನಿಮ್ಗೆ ಸರಿ ಅನ್ನಿಸ್ದೆ ಇದ್ರೂ ಊ ಅಂದ್ರಾ ಎಲ್ಲದಕ್ಕೂ?”

ರಂಗಕ್ಕನ ಕೈ ಮಂಡಿಯ ಮೇಲೇ ನಿಂತಿತು. “ಅಲ್ಲ ಕಣಮ್ಮ, ಓದಿರೋಳು ನೀನು. ನೀನು ಏಳೋದು ತಪ್ಪಾಗಿರ್ತದಾ? ಮೊದ್ಲು ಒಂದ್ಸಲ ಇಲ್ಲ ಅಂದಾಗ ನಿನ್ನ ಮೊಕ ಸಣ್ಣದಾಯ್ತು. ಇಲ್ಲ ಅಂದ್ರೆ ಈ ಮಗೀನ ಓದು ನಿಂತೋಗ್ತದೇನೋ ಅಂದ್ಕೊಂಡೆ. ಅದಕ್ಕೆ ಊ ಅಂದ್ಬುಡ್ತಿದ್ದೆ. ಯಾಕಮ್ಮ, ಏನಾದ್ರೂ ಎಚ್ಚುಕಮ್ಮಿ ಆಯ್ತಾ?”

“ಇಲ್ಲ ಅತ್ತೆ. ಏನೂ ಆಗಿಲ್ಲ.”

ಅಷ್ಟು ಹೇಳಿ ಅವಳು ರೊಪ್ಪದ ಕಡೆಗೆ ಎದ್ದು ಹೋದಳು. ಬೇಲಿಯ ಗೂಟ ಹಿಡಿದು ನಿಂತವಳಿಗೆ ಅಳುವೂ ಬರಲಿಲ್ಲ. ಅತ್ತೆ ಸುಳ್ಳು ಹೇಳಿದ್ದಳೆಂದು ಸಿಟ್ಟು ಮಾಡಿಕೊಳ್ಳೋಣವೆಂದರೆ, ತನ್ನ ಮುಖ ನೋಡಿಯೇ ಆಕೆ ಸುಳ್ಳು ಹೇಳಿದ್ದು. ತಾನು ಕೇಳಿದ್ದೂ ಪ್ರಶ್ನೆಯಾಗಿರಲಿಲ್ಲ, ಹೌದು ಅನ್ನಿಸಿಕೊಳ್ಳುವ ಆಸೆಯಾಗಿತ್ತು.

ಮಾರ್ಗದರ್ಶಕರಾದ ನಂದೀಶ್ವರಯ್ಯನವರಿಗೆ ಎಲ್ಲ ಹೇಳಿದಳು. ಅವರು ಕೆಟ್ಟವರಲ್ಲ.

“ಭುವನಾ ಮೇಡಂಗೆ ಏನೋ ಒಂದು ಉತ್ತರ ಬರೆದು ಹಾಕಮ್ಮ. ಬರಗೂರಿಗೆ ಬಂದು ಯಾರು ಪರೀಕ್ಷೆ ಮಾಡ್ತಾರೆ?”

“ನಾನು ಮಾಡಿದೀನಲ್ಲ ಸಾರ್. ಹಟ್ಟಿಯ ಮಾತಿನ ಅಧ್ಯಾಯ ತೆಗೆದುಬಿಡ್ತೀನಿ.”

“ಆ ಅಧ್ಯಾಯ ತೆಗೆದರೆ ಉಳಿಯೋದೇನು?”

ಏನೂ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹಟ್ಟಿಯವರ ಮರವೂ ಎಲ್ಲರ ಮರದಂತೆಯೇ. ಪೂರಕ ತಲೆಪದದ ಮಗ್ಗುಲಲ್ಲಿ, ವಿಶೇಷಣ ಅದರಾಚೆ. ಅದನ್ನು ಹೇಳಲು ಹೊಸ ಪ್ರಬಂಧ ಬೇಕಿರಲಿಲ್ಲ. ಹಟ್ಟಿಯ ಬೇರೆ ಮುದುಕಿಯರನ್ನು ಕೇಳಿ ಹೊಸದಾಗಿ ಶುರುಮಾಡೋಣವೆಂದರೆ ನೋಂದಣಿಯ ಅವಧಿ ಮುಗಿಯುತ್ತ ಬಂದಿತ್ತು. ಅವಳು ಅಧ್ಯಾಯವನ್ನು ವಾಪಸ್ ತೆಗೆದುಕೊಂಡಳು. ಅವಧಿ ಕಳೆಯಿತು, ನೋಂದಣಿಯೂ ಹೋಯಿತು. ಪಿಎಚ್‌ಡಿಯಿಲ್ಲದ ಅತಿಥಿ ಉಪನ್ಯಾಸಕರಿಗೆ ಹೊಸ ನಿಯಮದಂತೆ ಆ ವರ್ಷ ಕಾಲೇಜಿನಲ್ಲಿ ಜಾಗವಿರಲಿಲ್ಲ.

ಈಗ ಯಶೋದ ಕೊರಟಗೆರೆಯ ಖಾಸಗಿ ಶಾಲೆಯೊಂದರಲ್ಲಿ ವ್ಯಾಕರಣ ಹೇಳಿಕೊಡುತ್ತಾಳೆ. ವಿಭಕ್ತಿ, ಸಂಧಿ, ಸಮಾಸ. ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಮನೆಯಲ್ಲಿ ಎಷ್ಟೋ ಸಲ ಕೈಗೆ ಸಿಕ್ಕ ಕಾಗದದ ಮೇಲೆ ತನಗೆ ತಿಳಿಯದಂತೆಯೇ ಮರವೊಂದನ್ನು ಬಿಡಿಸಿರುತ್ತಾಳೆ. ಆಮೇಲೆ ಅದನ್ನು ಮಡಚಿ ಒಲೆಗೆ ಹಾಕುತ್ತಾಳೆ.

ಹಟ್ಟಿಗೆ ಹೋಗುವುದೂ ಕಡಿಮೆಯಾಗಿದೆ. ಹೋದರೆ ಅತ್ತೆಯ ಪಕ್ಕ ಕೂರುತ್ತಾಳೆ. ಇಬ್ಬರೂ ಮಳೆ, ಮಂಡಿನೋವು, ಮರಿಗಳು ಎಂದು ಎರಡು ಮಾತಾಡಿ ಸುಮ್ಮನಾಗುತ್ತಾರೆ. ಅಷ್ಟು ವರ್ಷ ಅವರ ನಡುವೆ ಪ್ರಶ್ನೆಗಳಿದ್ದವು. ಅವು ಹೋದ ಮೇಲೆ ಏನು ಮಾತಾಡಬೇಕೆಂದು ಇಬ್ಬರಿಗೂ ತೋಚುವುದಿಲ್ಲ. ಬಸ್ಸಿನ ಹೊತ್ತಿಗಿಂತ ಬಹಳ ಮುಂಚೆಯೇ ಯಶೋದ ಎದ್ದು ರಸ್ತೆಗೆ ಬಂದು ನಿಲ್ಲುತ್ತಾಳೆ.