ಯಾರೂ ಓದದ ಸ್ವಾಗತದ ಮೆಸೇಜು

ಕಾಪುವಿನ ಕಡಲ ಬದಿಯ ನಮ್ಮ ಮನೆಯ ಎರಡು ಕೋಣೆಗಳನ್ನು ಹೋಮ್‌ಸ್ಟೇ ಮಾಡಿದ ಮೇಲೆ ನನಗೆ ಅರ್ಥವಾದದ್ದು ಒಂದೇ. ರಜೆಗೆ ಹೊರಟ ಮನುಷ್ಯ ಏನನ್ನೂ ಓದುವುದಿಲ್ಲ. ಬುಕಿಂಗ್ ಆದ ಕೂಡಲೇ ವಾಟ್ಸ್ಯಾಪಿನಲ್ಲಿ ಸ್ವಾಗತದ ಮೆಸೇಜು ಕಳಿಸುತ್ತೇನೆ. ಅದಕ್ಕೊಂದು ಹೆಬ್ಬೆರಳು ಬರುತ್ತದೆ, ಅಷ್ಟೆ.

ಚೆಕ್-ಇನ್ ಮಧ್ಯಾಹ್ನ ಹನ್ನೆರಡಕ್ಕೆ ಎಂದು ಬರೆದರೆ ಬೆಳಗಿನ ಕಾಫಿಗೇ ಗೇಟಿನಲ್ಲಿ ನಿಂತಿರುತ್ತಾರೆ. ಎಲ್ಲರ ಆಧಾರ್ ತನ್ನಿ ಎಂದರೆ ಒಬ್ಬರದ್ದು ತಂದು, 'ನಾವೆಲ್ಲ ಒಂದೇ ಫ್ಯಾಮಿಲಿ ಅಲ್ವಾ' ಎನ್ನುತ್ತಾರೆ. ಮ್ಯಾಪ್ ನಂಬಬೇಡಿ, ಅದು ಹೊಳೆಯ ಆಚೆ ದಡಕ್ಕೆ ಕರೆದೊಯ್ಯುತ್ತದೆ, ನಡುವೆ ಇರುವುದು ನಡೆದು ದಾಟುವ ಕಾಲುಸಂಕ ಮಾತ್ರ ಎಂದು ಎಷ್ಟು ಬರೆದರೂ ಕಾರುಗಳು ಅಲ್ಲೇ ಹೋಗಿ ನಿಲ್ಲುತ್ತವೆ. ಬಾತ್‌ರೂಮಿನಲ್ಲಿ ಮೀನು ಕ್ಲೀನ್ ಮಾಡಬಾರದು ಎಂಬ ನಿಯಮ ಯಾಕೆ ಬಂತು ಎಂದು ಕೇಳಬೇಡಿ, ಈಗಲೂ ಮೈ ಉರಿಯುತ್ತದೆ.

"ಯಾರು ಓದ್ತಾರೆ ಮಾರಾಯ್ತಿ? ಸುಮ್ಮನೆ ಎಂತಕ್ಕೆ ತಲೆಬಿಸಿ?" ಎನ್ನುವುದು ನನ್ನ ಗಂಡನ ಮಾತು. ಅವರೂ ಓದಿರಲಿಲ್ಲ.

ಓದಿದವರು ಒಬ್ಬರು ಸಿಕ್ಕಿದರು. ಮೈಸೂರಿನ ನಿವೃತ್ತ ಟೀಚರು, ತಂಗಿಯ ಜೊತೆ ಬರುವವರಿದ್ದರು. ಅವರು ಓದಿದ್ದು ನನಗೆ ಶಿಕ್ಷೆಯಾಯಿತು. ದಿನಾ ಫೋನು.

"ಹೈವೇಯಲ್ಲಿ ಎಡಕ್ಕೆ ತಿರುಗಿ ಅಂತ ಬರೆದಿದ್ದೀರಿ. ಮಂಗಳೂರು ಕಡೆಯಿಂದ ಬಂದರೆ ಸರಿ. ಉಡುಪಿ ಕಡೆಯಿಂದ ಬರೋರಿಗೆ?"

"ಅವರಿಗೆ ಬಲಕ್ಕೆ, ಮೇಡಂ."

"ಹಾಗಂತ ಬರೀರಿ. ಮತ್ತೆ 108 ಅಂತ ನಂಬರ್ ಕೊಟ್ಟುಬಿಟ್ಟರೆ ಆಯಿತೇ? ಅವರು ಜಾಗ ಕೇಳ್ತಾರೆ. ಹೊಸಬರು ಏನು ಹೇಳಬೇಕು?"

ಹಲ್ಲು ಕಚ್ಚಿಕೊಂಡು ಬರೆದೆ. ಆಂಬುಲೆನ್ಸಿಗೆ ಹೀಗೆ ಹೇಳಿ: ಹೈವೇಯಿಂದ ಕಡಲಿನ ಕಡೆಗೆ, ಭಜನಾ ಮಂದಿರ ದಾಟಿ, ಐಸ್ ಪ್ಲಾಂಟಿನ ಎದುರು ಹಸಿರು ಗೇಟು, ಮ್ಯಾಪ್ ಬೇಡ. ತಿದ್ದಿದ್ದನ್ನು ಕಳಿಸಿದಾಗ ಅವರು 'ಈಗ ಸರಿ' ಎಂದು ಉತ್ತರಿಸಿದರು. ಮಾರ್ಕು ಕೊಟ್ಟಂತಿತ್ತು. ಸಿಟ್ಟು ಇನ್ನೂ ಏರಿತು.

ಅವರು ಬಂದ ಮರುದಿನ ನಾನು ಬೆಡ್‌ಶೀಟ್ ತರಲು ಸ್ಕೂಟರಿನಲ್ಲಿ ಉಡುಪಿಗೆ ಹೋಗಿದ್ದೆ. ವಾಪಸು ಬರುವಾಗ ಕಟಪಾಡಿಯ ಹತ್ತಿರ ಹೈವೇಯ ಆಚೆ ಬದಿಯಲ್ಲಿ ಆಂಬುಲೆನ್ಸೊಂದು ಕೂಗುತ್ತ ಉಡುಪಿಯ ಕಡೆಗೆ ಹೋಯಿತು. ಪಾಪ, ಯಾರೋ ಏನೋ, ದೇವರೇ ಕಾಪಾಡಲಿ ಅಂದುಕೊಂಡೆ. ಮುಂದೆ ಪೆಟ್ರೋಲ್ ಹಾಕಿಸಲು ನಿಂತು ಡಿಕ್ಕಿ ತೆರೆದಾಗ ಫೋನಿನ ತುಂಬ ಟೀಚರ ಮಿಸ್ಡ್ ಕಾಲುಗಳು. ಗೀಸರಿನ ಬಗ್ಗೆ ಇರಬೇಕೆಂದು ಬೈದುಕೊಂಡೇ ಫೋನು ಮಾಡಿದೆ.

"ಗಾಬರಿಯಾಗಬೇಡಿ. ನಿಮ್ಮ ಯಜಮಾನರಿಗೆ ಎದೆನೋವು ಬಂತು. ಮಣಿಪಾಲಕ್ಕೆ ಕರೆದುಕೊಂಡು ಹೋಗ್ತಿದ್ದೀವಿ. ನೀವು ನಿಧಾನಕ್ಕೆ ಬನ್ನಿ."

ಪಾಪ ಅಂದದ್ದು ನನ್ನ ಗಂಡನಿಗೇ. ಸ್ಕೂಟರನ್ನು ಬಂಕಿನಲ್ಲೇ ಬಿಟ್ಟು ರಿಕ್ಷಾ ಹಿಡಿದೆ.

ಹೊತ್ತಿಗೆ ಸರಿಯಾಗಿ ಬಂದಿರಿ ಎಂದರು ಡಾಕ್ಟರು. ಸ್ಟೆಂಟ್ ಹಾಕಿದರು. ಐಸಿಯು ಹೊರಗೆ ಕೂತಿದ್ದಾಗ ಟೀಚರು ನಡೆದದ್ದನ್ನು ಹೇಳಿದರು. ಅಂಗಳದಲ್ಲಿ ಕುಸಿದು ಕೂತ ಇವರಿಗೆ ಮಾತು ಹೊರಡುತ್ತಿರಲಿಲ್ಲವಂತೆ.

"ನಿಮ್ಮ ಮೆಸೇಜು ತೆಗೆದೆ. ತುರ್ತಿಗೆ ಮೊದಲನೇ ನಂಬರು ನಿಮ್ಮದು, ಎತ್ತಲಿಲ್ಲ. ಎರಡನೇದಕ್ಕೆ ಮಾಡಿದೆ. ಅದು ಅವರ ಜೇಬಿನಲ್ಲೇ ಹೊಡೆದುಕೊಳ್ಳೋಕೆ ಶುರುವಾಯಿತು. ಆಮೇಲೆ 108. ನೀವು ಬರೆದದ್ದನ್ನೇ ಅಕ್ಷರ ಬಿಡದೆ ಓದಿದೆ. ನೇರ ಗೇಟಿಗೇ ಬಂದರು."

ನಾನು ಅವರ ಕೈ ಹಿಡಿದುಕೊಂಡು ಅತ್ತೆ. ಅವರು ಬೆನ್ನು ಸವರಿ, "108 ಅನ್ನು ಮೇಲಕ್ಕೆ ತನ್ನಿ" ಎಂದರು.

108 ಮೇಲಕ್ಕೆ ಬಂತು. ಮನೆಗೆ ಬಂದ ಮೇಲೆ ಹೊಸ ಮೆಸೇಜನ್ನು ಮೊದಲು ಕಳಿಸಿದ್ದು ಗಂಡನಿಗೆ. ಈಸಿಚೇರಿನಲ್ಲಿದ್ದ ಅವರು ಫೋನು ನೋಡಿ ಕೆಳಗಿಟ್ಟರು. ನನ್ನ ಫೋನಿಗೆ ಹೆಬ್ಬೆರಳು ಬಂತು.

"ಓದಿದಿರಾ?"

"ನಮ್ಮದೇ ಮನೆ ಅಲ್ವಾ ಮಾರಾಯ್ತಿ, ಓದ್ಲಿಕ್ಕೆ ಎಂತ ಉಂಟು?"

ತಡೆಯಲಾಗಲಿಲ್ಲ. ಫೋನು ಅವರ ಕೈಗೆ ತುರುಕಿದೆ. "ಜೋರಾಗಿ ಓದಿ. ನಾಳೆ ಬೀಳುವುದು ನಾನಾದರೆ?"

ಅವರು ನನ್ನ ಮುಖ ನೋಡಿದರು. ಕನ್ನಡಕ ಹುಡುಕಿ ಹಾಕಿಕೊಂಡು, ಶಾಲೆಯ ಮಗುವಿನ ಹಾಗೆ ಶುರು ಮಾಡಿದರು: "ಆಂಬುಲೆನ್ಸಿಗೆ ಹೀಗೆ ಹೇಳಿ..."