ನೆಗೆಣ್ಣಿಯ ಡ್ರಾಯಿಂಗ್ ಪವರ್

ಸಾಲದ ಬೋರ್ಡು ನೋಡಿ ಹೊಟ್ಟೆ ಉರಿದುಕೊಂಡವರು ಈ ಲೋಕದಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬಳೇ ಇರಬೇಕು. ಗೋವಾದ ಮಡಗಾಂವ್ ಪೇಟೆಯಲ್ಲಿ ನಮ್ಮದೂ ನನ್ನ ನೆಗೆಣ್ಣಿಯದೂ ಅಕ್ಕಪಕ್ಕದ ಅಂಗಡಿ. ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ಮಾವನವರು ಬೆಳಗಾವಿಯಿಂದ ಬಂದು ಹಾಕಿದ ಒಂದೇ ಅಂಗಡಿ ಅದು, ಅಣ್ಣತಮ್ಮಂದಿರು ಬೇರೆಯಾದಾಗ ನಡುವೆ ಪ್ಲೈವುಡ್ ಹೊಡೆದು ಎರಡು ಮಾಡಿದೆವು. ಕೊಡೆ, ರೇನ್‌ಕೋಟು, ಪ್ಲಾಸ್ಟಿಕ್ ಹಾಳೆ, ಬಕೆಟ್ಟು, ಚಾಪೆ, ಇದೇ ಎರಡೂ ಕಡೆಯ ವ್ಯಾಪಾರ. ಬ್ಯಾಂಕೂ ಒಂದೇ, ಶಾಖೆಯೂ ಒಂದೇ. ಅಂಗಡಿಯ ಸರಕು ಬ್ಯಾಂಕಿನ ಸಾಲಕ್ಕೆ ಆಧಾರವಾಗಿದೆ ಎಂದು ಬಾಗಿಲಲ್ಲಿ ಬೋರ್ಡು ಹಾಕಬೇಕೆಂಬುದು ಬ್ಯಾಂಕಿನ ನಿಯಮ. ನಮ್ಮದು ತಗಡಿನ ತುಂಡಿನ ಮೇಲೆ ಬಣ್ಣದಲ್ಲಿ ಬರೆಸಿದ್ದು. ಅವಳದು ಹಿತ್ತಾಳೆಯದು, ದಿನಾ ಬೆಳಿಗ್ಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು.

ಬೋರ್ಡನ್ನಾದರೂ ನುಂಗಿಕೊಳ್ಳುತ್ತಿದ್ದೆ. ಆ ವರ್ಷದ ಯುಗಾದಿಯ ಊಟಕ್ಕೆ ಕೂತಾಗ ಮೈದುನ ಹೋಳಿಗೆ ಮುರಿಯುತ್ತ, "ನಮ್ಮ ಲಿಮಿಟ್ ಇಪ್ಪತ್ತು ಲಕ್ಷ ಆತ್ರಿ ವೈನಿ" ಅಂದ. ನಮ್ಮದು ಹತ್ತು! ನಾನು ತುಪ್ಪ ಬಡಿಸುತ್ತಿದ್ದೆ. ನನ್ನ ಯಜಮಾನರು "ಚಲೋ ಆತು ಬಿಡು" ಎಂದು ಖುಷಿಯಿಂದ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಅವರಿಗೆ ಹೊಟ್ಟೆಕಿಚ್ಚು ಅನ್ನುವುದನ್ನು ದೇವರು ಕೊಟ್ಟೇ ಇಲ್ಲ, ಅವರ ಪಾಲನ್ನೂ ನನಗೇ ಕೊಟ್ಟಿದ್ದಾನೆ.

ಅಂಗಡಿಯ ಲೆಕ್ಕ ಬರೆಯುವವಳು ನಾನೇ. ಪ್ರತಿ ತಿಂಗಳು ಹತ್ತನೇ ತಾರೀಖಿನೊಳಗೆ ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಕೊಡುವುದೂ ನಾನೇ. ಲಿಮಿಟ್ ಹತ್ತು ಲಕ್ಷ ಅಂದಮಾತ್ರಕ್ಕೆ ಹತ್ತೂ ಲಕ್ಷ ತೆಗೆಯಲು ಬರುವುದಿಲ್ಲ. ಅದು ಗರಿಷ್ಠ ಮಿತಿ ಅಷ್ಟೇ. ಅಂಗಡಿಯಲ್ಲಿರುವ ಮಾಲಿನ ಬೆಲೆಯಲ್ಲಿ ಕಾಲು ಭಾಗ ನಮ್ಮ ಸ್ವಂತದ್ದಿರಬೇಕು, ಉಳಿದ ಮುಕ್ಕಾಲು ಭಾಗದಷ್ಟು ಬ್ಯಾಂಕು ಕೊಡುತ್ತದೆ. ಅದಕ್ಕೇ ಡ್ರಾಯಿಂಗ್ ಪವರ್ ಅನ್ನುವುದು. ನಮ್ಮ ಮಾಲು ಹತ್ತು ಲಕ್ಷದ್ದು, ಹಾಗಾಗಿ ಪವರ್ ಏಳೂವರೆ. ಅದರಲ್ಲಿ ಐದೂವರೆ ಆಗಲೇ ತೆಗೆದಿದ್ದೆವು. ಲಿಮಿಟ್ ಮತ್ತು ಪವರ್ ಎರಡರಲ್ಲಿ ಯಾವುದು ಕಡಿಮೆಯೋ ಅಲ್ಲಿಗೆ ನಮ್ಮ ಕೈ ನಿಲ್ಲಬೇಕು.

ಮಾಲು ಹೆಚ್ಚಾದರೆ ಪವರ್ ಹೆಚ್ಚುತ್ತದೆ, ತುಂಬಿದ ಅಂಗಡಿ ನೋಡಿದರೆ ಬ್ಯಾಂಕಿನವರು ಲಿಮಿಟ್ಟನ್ನೂ ಏರಿಸುತ್ತಾರೆ. ಹೀಗೆಂದು ನಾನು ಲೆಕ್ಕ ಹಾಕಿದೆ. ಬೆಳಗಾವಿಯ ಹೋಲ್‌ಸೇಲ್ ವ್ಯಾಪಾರಿ ಮಾವನವರ ಕಾಲದಿಂದ ಪರಿಚಯದವರು. ದುಡ್ಡು ಮೂರು ತಿಂಗಳ ಮೇಲೆ ಕೊಡುವ ಉದ್ರಿಯಲ್ಲಿ ನಾಲ್ಕು ಲಕ್ಷದ ಪ್ಲಾಸ್ಟಿಕ್ ಹಾಳೆಯ ಸುರುಳಿಗಳನ್ನು ತರಿಸಿಕೊಂಡೆ. ಅಟ್ಟ ತುಂಬಿತು, ಮೆಟ್ಟಿಲು ತುಂಬಿತು, ಯಜಮಾನರು ಕೂರುವ ಗಾದಿಯ ಹಿಂದೆಯೂ ನೀಲಿ ಸುರುಳಿ.

"ಏ, ನಾನು ಎಲ್ಲಿ ಕುಂಡರ್ಲೆ?" ಅಂದರು.

"ನಿಂತಕೊಂಡು ಮಾರ್ರಿ, ಬೆನ್ನಿಗೆ ಚಲೋ" ಅಂದೆ.

ಅದೇ ವಾರ ಹುಬ್ಬಳ್ಳಿಯಿಂದ ಟಾರ್ಪಾಲಿನ್ ಕಂಪನಿಯ ಏಜೆಂಟ್ ಬಂದ. ಮಡಗಾಂವಿಗೆ ಒಬ್ಬರಿಗೇ ಏಜೆನ್ಸಿ. ಮಳೆಗಾಲಕ್ಕೆ ಮುಂಚೆ ಫಾತೋರ್ಡಾದ ಕಟ್ಟಡಗಳ ಕೆಲಸಗಾರರಿಂದ ಹಿಡಿದು ಲಾರಿ ಮಾಲೀಕರವರೆಗೆ ಎಲ್ಲರಿಗೂ ಬೇಕಾದ ಮಾಲು ಅದು. ಮೊದಲ ಲೋಡಿಗೆ ಎರಡು ಲಕ್ಷದ ಚೆಕ್ ಕೇಳಿದ. ಚೆಕ್ ಪಾಸಾದ ಮೇಲೆ ಮಾಲು, ಮಾಲಿನ ಜೊತೆ ಏಜೆನ್ಸಿಯ ಪತ್ರ. "ಚೆಕ್ ವಾಪಸ್ ಬಂತಂದ್ರ ಬಾಜೂಕಿನವ್ರಿಗೆ ಕೊಟ್ಟಬಿಡ್ತೇನ್ರಿ, ಅವ್ರೂ ಕೇಳ್ಯಾರ" ಎಂದು ನಗುನಗುತ್ತಲೇ ಹೇಳಿದ. ಬಾಜೂಕಿನವರು! ನಾನು ಆ ಕ್ಷಣವೇ ಯಜಮಾನರ ಮುಂದೆ ಚೆಕ್‌ಬುಕ್ ಹಿಡಿದೆ, ಅವರು ಸಹಿ ಹಾಕಿದರು.

ಆಮೇಲೆ ಸ್ಟೇಟ್‌ಮೆಂಟ್ ಬರೆದೆ. ಮಾಲು ಹದಿನಾಲ್ಕು ಲಕ್ಷ. ಮಾಲು ಕೊಟ್ಟವರಿಗೆ ಕೊಡಬೇಕಾದ ಬಾಕಿ ಎಂಬ ಕಲಂನಲ್ಲಿ ಏನೂ ಇಲ್ಲವೆಂದು ಗೀಟು ಎಳೆದೆ. ವಾಯಿದೆ ಮುಗಿಯದ ಬಾಕಿ ಎಂಥ ಬಾಕಿ? ಮೂರು ತಿಂಗಳಾದ ಮೇಲಲ್ಲವೇ ಅದು ಸಾಲ? ಹಾಗೆಂದೇ ನಾನು ನಂಬಿದ್ದೆ. ನನ್ನ ಲೆಕ್ಕದಲ್ಲಿ ಪವರ್ ಹತ್ತೂವರೆಯಾಗಿ ಲಿಮಿಟ್ಟನ್ನೇ ದಾಟಿತ್ತು. ಅಷ್ಟಕ್ಕೇ ಸುಮ್ಮನಿದ್ದೆನೇ? ಇಲ್ಲ. ಬ್ಯಾಂಕಿಗೆ ಹೋಗಿ, "ಸಾಹೇಬ್ರ, ಒಂದ್ಸಲ ಬಂದು ನಮ್ಮ ಅಂಗಡೀನೂ ನೋಡ್ರಿ, ನಮ್ಮ ಲಿಮಿಟ್ಟೂ ಏರಸ್ರಿ" ಎಂದು ನಾನಾಗಿಯೇ ಕರೆದು ಬಂದೆ. ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ.

ಸಾಲ ವಿಭಾಗದ ಸಾಹೇಬರು ವಿಜಯಪುರದ ಕಡೆಯವರು, ಮೆತ್ತಗಿನ ಮನುಷ್ಯ. ಬಂದರು, ಚಹಾ ಕುಡಿದರು, ಅಟ್ಟದವರೆಗೂ ಹತ್ತಿ ನೋಡಿದರು. "ಭಾಳ ಮಾಲು ತುಂಬೀರಲ್ರಿ" ಅಂದಾಗ ನಾನು ಪ್ಲೈವುಡ್ಡಿನ ಆಚೆಗೂ ಕೇಳಲಿ ಎಂದು ದನಿ ಎತ್ತರಿಸಿ "ಹೌದ್ರಿ!" ಅಂದೆ. ಆಮೇಲೆ ಅವರು ಬಿಲ್ಲು ಕೇಳಿದರು.

"ಇದರ ರೊಕ್ಕ ಕೊಟ್ಟೀರೇನ್ರಿ ಅಕ್ಕಾರ?"

"ಇನ್ನೂ ವಾಯಿದೆ ಐತ್ರಿ, ಮೂರು ತಿಂಗಳು."

"ವಾಯಿದೆ ಇರ್ಲಿ ಬಿಡ್ಲಿ, ರೊಕ್ಕ ಕೊಡದ ಮಾಲು ಲೆಕ್ಕಕ್ಕ ಬರೂದಿಲ್ರಿ. ಆ ಮಾಲಿನ ಮ್ಯಾಲ ಬೆಳಗಾವ್ಯಾಂವ ಒಮ್ಮೆ ನಿಮಗ ಸಾಲ ಕೊಟ್ಟಾನ. ಅದರ ಮ್ಯಾಲನ ಮತ್ತ ನಾವು ಕೊಟ್ರ ಒಂದ ಮಾಲಿಗೆ ಎರಡು ಸಾಲ ಆಕ್ಕೈತಿ."

ನಾಲ್ಕು ಲಕ್ಷ ಹೊಡೆದು ಹಾಕಿದರು. ಹೋಗಲಿ, ಹಳೆಯ ಹತ್ತು ಲಕ್ಷಕ್ಕೆ ಬಂದು ನಿಂತೆವಲ್ಲ ಅಂದುಕೊಂಡೆ. ಆದರೆ ಅಟ್ಟ ಹತ್ತಿದವರು ಇನ್ನೊಂದನ್ನೂ ನೋಡಿ ಬಂದಿದ್ದರು. ಮೂರು ವರ್ಷದಿಂದ ಮಾರದೆ ಬಿದ್ದ ರೇನ್‌ಕೋಟು, ಕಡ್ಡಿಗೆ ತುಕ್ಕು ಹಿಡಿದ ಕೊಡೆ. ಪ್ರತಿ ತಿಂಗಳೂ ನಾನು ಅದನ್ನು ಕೊಂಡ ಬೆಲೆಗೇ ಬರೆಯುತ್ತ ಬಂದಿದ್ದೆ. "ಇದು ಹೋಗದ ಮಾಲ್ರಿ, ಇದನ್ನೂ ಹಿಡಿಯಾಕ ಬರೂದಿಲ್ಲ" ಎಂದು ಎರಡು ಲಕ್ಷ ಕಳೆದರು. ಉಳಿದದ್ದು ಎಂಟು. ಅದರ ಮುಕ್ಕಾಲು ಆರು. ಅಯ್ಯ ಶಿವನೇ, ಏಳೂವರೆ ಇದ್ದ ಪವರ್ ಆರಾಯಿತು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಆ ಎರಡು ಲಕ್ಷದ ಚೆಕ್ ಸರಿಯಾಗಿ ಪಾಸಾಗುತ್ತಿತ್ತು.

ಎರಡು ದಿನದ ಮೇಲೆ ಬೆಳಿಗ್ಗೆ ಬ್ಯಾಂಕಿನಿಂದ ಫೋನ್. ಹುಬ್ಬಳ್ಳಿಯ ಚೆಕ್ ಬಂದಿದೆ, ಖಾತೆಯಲ್ಲಿ ತೆಗೆಯಲು ಉಳಿದದ್ದು ಐವತ್ತು ಸಾವಿರ, ಒಂದೂವರೆ ಲಕ್ಷ ಕಡಿಮೆ ಬೀಳುತ್ತದೆ, ಮಧ್ಯಾಹ್ನದೊಳಗೆ ತುಂಬದಿದ್ದರೆ ವಾಪಸ್ ಕಳಿಸಬೇಕಾಗುತ್ತದೆ. ನಾನು ಫೋನಿನಲ್ಲೇ ಎರಡೆರಡು ಸಲ "ಒಂದೂವರೆ ಲಕ್ಷಾನಾ?" ಎಂದು ಕೂಗಿದೆ. ಯಜಮಾನರು "ತಮ್ಮನ್ನ ಕೇಳ್ಲೇನು?" ಅಂದರು.

"ನನ್ನ ಹೆಣದ ಮ್ಯಾಲ ಕೇಳ್ರಿ!"

ಪ್ಲೈವುಡ್ಡಿಗೆ ಕಿವಿ ಇತ್ತು. ಐದು ನಿಮಿಷಕ್ಕೆ ನೆಗೆಣ್ಣಿ ಬಂದು ನಿಂತಳು, ಸೆರಗಿಗೆ ಕೈ ಒರೆಸಿಕೊಳ್ಳುತ್ತ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಚೆಕ್ ವಾಪಸ್ ಹೋದರೆ ಏಜೆನ್ಸಿ ಅವಳಿಗೆ. ಅವಳು ಏನೂ ಮಾಡಬೇಕಾಗಿಲ್ಲ, ಮಧ್ಯಾಹ್ನದವರೆಗೆ ತನ್ನ ಅಂಗಡಿಯಲ್ಲಿ ಕೂತಿದ್ದರೆ ಸಾಕು.

"ಅಕ್ಕಾ, ಆ ನೀಲಿ ಹಾಳಿ ನಂಗ ಕೊಡ್ತೀರೇನ್ರಿ? ಒಂದೂವರಿ ಲಕ್ಷದ್ದು. ನಮ್ಮ ಖಾತೇದಾಗ ಇನ್ನೂ ತಗಿಯಾಕ ಜಾಗಾ ಐತಿ. ಈಗ ಚೆಕ್ ಬರಸ್ತೇನಿ, ಅದ ಬ್ಯಾಂಕು, ಈಗಿಂದೀಗ ನಿಮ್ಮ ಖಾತೆಕ್ಕ ಬೀಳ್ತೈತಿ."

ನಾನು ಗಾದಿಯ ಹಿಂದಿನ ಸುರುಳಿಗಳನ್ನು ಎಣಿಸತೊಡಗಿದೆ. ಅವಳೇ ಮುಂದುವರಿಸಿದಳು. "ಆ ಏಜೆನ್ಸಿ ನಂಗೂ ಬೇಕಾಗಿತ್ರಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಎರಡೂ ಅಂಗಡಿಗೆ ಒಂದ ಅಡ್ಡಹೆಸರು. ನಿಮ್ಮ ಚೆಕ್ ವಾಪಸ್ ಹೋತಂದ್ರ ನಾಳೆ ನಮಗೂ ಯಾರೂ ಮಾಲು ಕೊಡೂದಿಲ್ಲ. ಮತ್ತ ಅಕ್ಕಾ, ರೋಖ ಕೊಡಾಕತ್ತೇನಿ, ಚೆಕ್ ಪೂರಾ ಒಂದೂವರಿದ ಇರ್ಲಿ, ನೂರಕ್ಕ ಮೂರು ರೂಪಾಯಿ ಮಾಲು ಹೆಚ್ಚಿಗಿ ಹಾಕ್ರಿ."

ನನ್ನ ಕುತ್ತಿಗೆ ಹಗ್ಗದಲ್ಲಿರುವಾಗ ಚೌಕಾಸಿ! ಆದರೆ ನನಗೆ ಸಿಟ್ಟು ಬಂದದ್ದು ಚೌಕಾಸಿಗಲ್ಲ, ಉಪಕಾರಕ್ಕೆ. ಅವಳ ಜಾಗದಲ್ಲಿ ನಾನಿದ್ದರೆ ಐದು ಕೇಳುತ್ತಿದ್ದೆ. "ಹೂಂ, ತಗೋ" ಅಂದೆ. ಬಿಲ್ಲನ್ನು ಎಷ್ಟು ಒತ್ತಿ ಬರೆದೆನೆಂದರೆ ಕಾರ್ಬನ್ ಹಾಳೆ ಹರಿಯಿತು. ಮಧ್ಯಾಹ್ನದೊಳಗೆ ದುಡ್ಡು ಬಿತ್ತು, ಚೆಕ್ ಪಾಸಾಯಿತು. ಯಜಮಾನರು ಅಂದು ಮೂರು ರೊಟ್ಟಿ ಹೆಚ್ಚು ತಿಂದರು, ನಾನು ನೀರು ಕುಡಿದು ಮಲಗಿದೆ.

ಮುಂದಿನ ತಿಂಗಳ ಸ್ಟೇಟ್‌ಮೆಂಟ್ ಬರೆಯಲು ಕೂತಾಗ ನಿಜವಾದ ಉರಿ ಶುರುವಾಯಿತು. ಆ ಹಾಳೆ ನನ್ನ ಅಂಗಡಿಯಲ್ಲಿದ್ದಾಗ ಬ್ಯಾಂಕಿನ ಲೆಕ್ಕದಲ್ಲಿ ಸೊನ್ನೆ. ಈಗ ಅದು ಹೋಯಿತು, ಬೆಳಗಾವಿಯ ನಾಲ್ಕು ಲಕ್ಷದ ಬಾಕಿ ಮಾತ್ರ ನನ್ನ ತಲೆಯ ಮೇಲೇ ಉಳಿಯಿತು. ಆ ಬಾಕಿಯನ್ನು ನನ್ನ ಉಳಿದ ಮಾಲಿನಲ್ಲೇ ಕಳೆಯಬೇಕು. ಅದೇ ಹಾಳೆ ಅವಳ ಅಂಗಡಿಗೆ ಹೋದದ್ದೇ ತಡ, ದುಡ್ಡು ಕೊಟ್ಟ ಮಾಲಾಯಿತು, ಅದರ ಮುಕ್ಕಾಲು ಅವಳ ಪವರಿಗೆ ಸೇರಿತು. ಮಾಲು ತರಿಸಿದವಳು ನಾನು, ಸಾಲ ಹೊತ್ತವಳು ನಾನು, ಪವರ್ ಅವಳದು. ಯಾರ ಮುಂದೆ ಹೇಳಿಕೊಳ್ಳಲಿ? ಅವಳು ಉಪಕಾರ ಮಾಡಿದ್ದಾಳೆ. ಮೋಸ ಮಾಡಿದ್ದರೆ ಬಾಯಿತುಂಬ ಬೈದು ಹಗುರಾಗುತ್ತಿದ್ದೆ.

ಆ ವರ್ಷ ಮಳೆ ಬೇಗ ಹಿಡಿಯಿತು. ನನ್ನ ಟಾರ್ಪಾಲಿನ್ ಲೋಡು ಇಳಿದ ಮರುದಿನದಿಂದಲೇ ಗಿರಾಕಿಗಳ ಸಾಲು. ಬೆಳಗಾವಿಯ ಬಾಕಿಯನ್ನು ವಾಯಿದೆಗೆ ಮುಂಚೆಯೇ ತೀರಿಸಿದೆ. ಆದರೆ ಗಲ್ಲಾಪೆಟ್ಟಿಗೆಯ ದುಡ್ಡು ಎಣಿಸುವಾಗೆಲ್ಲ ಕಿವಿ ಆಚೆಗೇ ಇರುತ್ತಿತ್ತು. ನೀಲಿ ಹಾಳೆಯ ಸುರುಳಿ ಬಿಚ್ಚುವ ಸರಸರ ಸದ್ದು, ಕತ್ತರಿಯ ಸದ್ದು, ಗುಡಿಸಲಿನ ಮಾಡಿಗೆ ಹಾಳೆ ಒಯ್ಯಲು ಬಂದ ಕೂಲಿಯವರ ಗದ್ದಲ. ನಡುನಡುವೆ ಅವಳ ದನಿ: "ಟಾರ್ಪಾಲಿನ್ ಬೇಕಾದ್ರ ಬಾಜೂಕ ಹೋಗ್ರಿ, ನಮ್ಮ ಅಕ್ಕಾರ ಕಡೆ ಐತಿ." ಹಾಗೆ ಕಳಿಸಿದ ಗಿರಾಕಿಗಳಿಗೆ ನಾನು ಹಲ್ಲು ಕಡಿದುಕೊಂಡೇ ಮಾಲು ಅಳೆದು ಕೊಡುತ್ತಿದ್ದೆ.

ನಾಗರಪಂಚಮಿಯ ಮುಂಚಿನ ದಿನ ಅವಳು ಪೇಢೆಯ ಪೊಟ್ಟಣ ಹಿಡಿದು ಬಂದಳು. ಧಾರವಾಡದಿಂದ ಯಾರೋ ತಂದದ್ದು. "ಅಕ್ಕಾ, ಬ್ಯಾಂಕಿನವ್ರು ಲಿಮಿಟ್ ಮತ್ತ ಏರಿಸಿ ಇಪ್ಪತ್ತೈದು ಮಾಡ್ಯಾರ್ರಿ. ವ್ಯಾಪಾರ ಭಾಳ ಚಲೋ ಐತಂತ. ನಿಮ್ಮ ಹಾಳಿ ಇರದಿದ್ರ ಇಷ್ಟ ಆಗ್ತಿರಲಿಲ್ಲ ನೋಡ್ರಿ. ಬಾಯಿ ತಗೀರಿ."

ಯಜಮಾನರು ನೋಡುತ್ತಿದ್ದರು, ಬಾಯಿ ತೆರೆದೆ. ಅವಳೇ ತಿನ್ನಿಸಿದಳು. ಉಗುಳಿಬಿಡಲೇ ಅನ್ನಿಸಿತು, ಆದರೆ ಪೇಢೆ ಬಿಸಿಲು ಕಾಣದ ಹೊಚ್ಚ ಹೊಸದು, ನಾಲಿಗೆಯ ಮೇಲೆ ಹಾಗೇ ಕರಗಿತು. ಅವಳು ಹೋದ ಮೇಲೆ ಯಜಮಾನರು ಪೊಟ್ಟಣಕ್ಕೆ ಕೈ ಹಾಕಿದಾಗ ಅವರ ಕೈ ಮೇಲೊಂದು ಹೊಡೆದು, ಉಳಿದದ್ದೆಲ್ಲವನ್ನೂ ನಾನೊಬ್ಬಳೇ ತಿಂದೆ.